ಗೇರುಬೀಜದ ತಪಾಸಣಾ ಸರ್ಟಿಫಿಕೇಟ್ ಓದುವ ಸಾಫ್ಟ್‌ವೇರ್: ಎರಡು ಸೀಸನ್ ಬಳಸಿದ ಮೇಲೆ

5ಕ್ಕೆ 4 ಸ್ಟಾರ್. ಬಳಸಿದ್ದು ಮಂಗಳೂರಿನ ಆಮದು ಆಫೀಸಿನಲ್ಲಿ, ಕಚ್ಚಾ ಗೇರುಬೀಜದ ಸರ್ಟಿಫಿಕೇಟ್‌ಗಳಿಗೆ ಮಾತ್ರ.

ಕಾರ್ಕಳ, ಕುಂದಾಪುರ ಕಡೆಯ ಕಾರ್ಖಾನೆಗಳಿಗೆ ವರ್ಷವಿಡೀ ಬೇಕಾಗುವಷ್ಟು ಬೀಜ ಊರಲ್ಲಿ ಬೆಳೆಯುವುದಿಲ್ಲ. ಫೆಬ್ರವರಿಯ ನಂತರ ಪಶ್ಚಿಮ ಆಫ್ರಿಕಾದ ಬೆಳೆ, ಅಕ್ಟೋಬರ್‌ನಿಂದ ತಾಂಜಾನಿಯಾದ ಬೆಳೆ ಹಡಗು ಹತ್ತುತ್ತದೆ. ಪ್ರತಿ ಸರಕಿಗೂ ತಪಾಸಣಾ ಸಂಸ್ಥೆಯ ಸರ್ಟಿಫಿಕೇಟ್ ಇರುತ್ತದೆ. ಅದರಿಂದ ಔಟ್‌ಟರ್ನ್ ಅಂದರೆ 80 ಕಿಲೋ ಚೀಲಕ್ಕೆ ಸಿಗುವ ತಿರುಳು ಎಷ್ಟು ಪೌಂಡ್ ಎಂಬುದು, ನಟ್ ಕೌಂಟ್ ಅಂದರೆ ಒಂದು ಕಿಲೋದಲ್ಲಿ ಎಷ್ಟು ಬೀಜ ಎಂಬುದು, ಜೊತೆಗೆ ತೇವಾಂಶ, ಇಷ್ಟನ್ನು ತೆಗೆದು ಕಾಂಟ್ರಾಕ್ಟ್ ಜೊತೆ ಹೋಲಿಸಿ ತೋರಿಸುವುದು ಈ ಸಾಫ್ಟ್‌ವೇರ್‌ನ ಕೆಲಸ. ಕಂಪ್ಯೂಟರಿನಲ್ಲೇ ತಯಾರಾದ ಪಿಡಿಎಫ್ ಆದರೆ ಓದುವುದರಲ್ಲಿ ತೊಂದರೆಯೇ ಇಲ್ಲ. ತೊಂದರೆ ಎಲ್ಲ ಓದಿದ ಮೇಲೆ, ತೀರ್ಪು ಕೊಡುವಲ್ಲಿ.

ಮೊದಲು ಸರಿಪಡಿಸಬೇಕಾದದ್ದು ಪಾಸ್-ಫೇಲ್ ನಿಯಮ. ಗೇರುಬೀಜದ ಸರ್ಟಿಫಿಕೇಟ್ ಸಾಮಾನ್ಯವಾಗಿ ಅಂಕಿ ಹೇಳುತ್ತದೆ, ಪಾಸ್ ಎಂದು ಹೇಳುವುದಿಲ್ಲ. ಹೇಳಿದ್ದರೂ ಅದು ನಮ್ಮ ಕಾಂಟ್ರಾಕ್ಟಿಗೆ ಪಾಸ್ ಎಂದಾಗುವುದಿಲ್ಲ. ಕಾಂಟ್ರಾಕ್ಟಿನಲ್ಲಿ ಒಂದೊಂದು ಗುಣಕ್ಕೂ ಎರಡು ಗೆರೆಗಳಿರುತ್ತವೆ. ಔಟ್‌ಟರ್ನ್ 48 ಪೌಂಡ್ ಆಧಾರ, 46ಕ್ಕಿಂತ ಕೆಳಗೆ ತಿರಸ್ಕಾರ ಎಂದಿಟ್ಟುಕೊಳ್ಳಿ. 48ರ ಮೇಲಿದ್ದರೆ ಸರಿ, 46ರ ಕೆಳಗಿದ್ದರೆ ಮಾಲು ಬೇಡ, ನಡುವೆ ಇದ್ದರೆ ಮಾಲು ತೆಗೆದುಕೊಂಡು ಬೆಲೆ ಕಡಿತ. ಸಾಫ್ಟ್‌ವೇರಿನ ಸಿದ್ಧ ನಿಯಮದಲ್ಲಿ ಇರುವುದು ಒಂದೇ ಗೆರೆ. ಹಾಗೇ ಬಿಟ್ಟರೆ 47.9 ಬಂದ ಒಳ್ಳೆಯ ಮಾಲೂ 45 ಬಂದ ಮಾಲೂ ಒಂದೇ ಕೆಂಪು ಬಣ್ಣದಲ್ಲಿ ಕಾಣುತ್ತವೆ. ಕಸ್ಟಮ್ ನಿಯಮದಲ್ಲಿ ಎರಡನೇ ಗೆರೆ ಸೇರಿಸಿ ನಡುವಿನದಕ್ಕೆ ಹಳದಿ ಕೊಡಬಹುದು. ಅಲ್ಲೇ ದಿಕ್ಕನ್ನೂ ನೋಡಿಕೊಳ್ಳಿ: ಔಟ್‌ಟರ್ನ್ ಹೆಚ್ಚಿದ್ದಷ್ಟು ಒಳ್ಳೆಯದು, ನಟ್ ಕೌಂಟ್ ಹೆಚ್ಚಾದರೆ ಬೀಜ ಸಣ್ಣದು ಎಂದರ್ಥ.

ಇನ್ನೊಂದು ಸೆಟ್ಟಿಂಗ್ ಮರೆಯಬೇಡಿ. ತೇವಾಂಶದ ಅಂಕಿ ಪುಟದಲ್ಲಿ ಸಿಗದೇ ಹೋದರೆ ಸಾಫ್ಟ್‌ವೇರ್ ಆ ಗುಣವನ್ನೇ ಲೆಕ್ಕದಿಂದ ಬಿಟ್ಟು, ಉಳಿದವು ಸರಿ ಇದ್ದರೆ ಒಟ್ಟು ತೀರ್ಪನ್ನು ಹಸಿರು ಮಾಡುತ್ತದೆ. ಪ್ರತಿ ಗುಣವನ್ನೂ ಕಡ್ಡಾಯ ಎಂದು ಗುರುತಿಸಿದರೆ ಮಾತ್ರ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ.

ಅಂಕಿ ತಪ್ಪಾಗುವುದು ಹೆಚ್ಚಾಗಿ ಫ್ರೆಂಚ್, ಪೋರ್ಚುಗೀಸ್ ಸರ್ಟಿಫಿಕೇಟ್‌ಗಳಲ್ಲಿ. ಬೆನಿನ್, ಐವರಿ ಕೋಸ್ಟ್, ಗಿನಿ-ಬಿಸಾವ್ ಕಡೆಯವರು ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ. 47,97 ಎಂಬುದು 4797 ಆಗಿಬಿಡುತ್ತದೆ. ಆಗ ಔಟ್‌ಟರ್ನ್ ಕನಿಷ್ಠ ಮಿತಿ ದಾಟಿತೆಂದು ಹಸಿರು, ತೇವಾಂಶ ಗರಿಷ್ಠ ಮಿತಿ ಮೀರಿತೆಂದು ಕೆಂಪು. ಕೆಂಪಾದದ್ದನ್ನು ಯಾರಾದರೂ ತೆರೆದು ನೋಡುತ್ತಾರೆ, ಹಸಿರಾದದ್ದನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಸರಬರಾಜುದಾರರ ದೇಶಕ್ಕೆ ತಕ್ಕಂತೆ ಅಂಕಿಯ ಶೈಲಿಯನ್ನು ಮೊದಲೇ ಆರಿಸಿಡಬೇಕು, ಔಟ್‌ಟರ್ನ್ 35ರಿಂದ 60ರ ಆಚೆ ಹೋದರೆ ತಡೆಯುವ ನಿಯಮವನ್ನೂ ಹಾಕಬೇಕು. ಕೆಲವರು ಔಟ್‌ಟರ್ನ್ ಅನ್ನು ಪೌಂಡಿನಲ್ಲಿ ಬರೆಯದೆ ತಿರುಳಿನ ಶೇಕಡಾವಾರು ಬರೆಯುತ್ತಾರೆ. 27.2 ಎಂದು ಕಂಡರೆ ಗಾಬರಿ ಬೇಡ, 1.7637ರಿಂದ ಗುಣಿಸಿದರೆ ಅದೇ 47.97 ಪೌಂಡ್.

ಈ ಸಾಫ್ಟ್‌ವೇರಿನಲ್ಲಿ ನಾವು ಅತಿ ಹೆಚ್ಚು ಮೆಚ್ಚಿದ್ದು ಲೆಕ್ಕ ತಾಳೆ ನೋಡುವ ಸೌಲಭ್ಯ. ಸರ್ಟಿಫಿಕೇಟಿನ ಹಿಂದೆ ಕಟಿಂಗ್ ಟೆಸ್ಟ್ ಹಾಳೆ ಇರುತ್ತದೆ. 1 ಕಿಲೋ ಬೀಜ ಕತ್ತರಿಸಿ, ಒಳ್ಳೆಯ ತಿರುಳು, ಚುಕ್ಕೆ ಬಿದ್ದ ತಿರುಳು, ಬಲಿಯದ ತಿರುಳು, ಕೆಟ್ಟದ್ದು, ಸಿಪ್ಪೆ ಬೇರೆ ಬೇರೆ ತೂಗಿ ಗ್ರಾಂನಲ್ಲಿ ಬರೆದಿರುತ್ತಾರೆ. ಒಳ್ಳೆಯ ತಿರುಳಿಗೆ ಪೂರ್ತಿ ತೂಕ, ಚುಕ್ಕೆ ಬಿದ್ದದ್ದಕ್ಕೂ ಬಲಿಯದ್ದಕ್ಕೂ ಅರ್ಧ ತೂಕ ಹಿಡಿದು 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ಎಂದು ಲೆಕ್ಕ ಹಾಕುವುದು ರೂಢಿ. ನಿಯಮದಲ್ಲಿ ಹೀಗೆ ಟೈಪ್ ಮಾಡಬೇಕು:

```
OT = (G + S/2) * 0.17637
```

G ಒಳ್ಳೆಯದು, S ಅರ್ಧ ಹಿಡಿಯುವುದು, ಎರಡೂ ಗ್ರಾಂನಲ್ಲಿ. 0.17637 ಎಂದರೆ 80 ಭಾಗಿಸು 453.59. ಹಾಳೆಯಲ್ಲಿ 262 ಮತ್ತು 20 ಇದ್ದರೆ 272 ಗ್ರಾಂ, ಅಂದರೆ 47.97. ಮಸುಕು ಸ್ಕ್ಯಾನ್‌ನಲ್ಲಿ 262 ಅನ್ನು 282 ಎಂದು ಓದಿದರೆ 51.50 ಬರುತ್ತದೆ, ಮೊದಲ ಪುಟದ 47.97ಕ್ಕೆ ಹೊಂದುವುದಿಲ್ಲ, ಸಾಫ್ಟ್‌ವೇರ್ ನಿಲ್ಲಿಸಿ ಕೇಳುತ್ತದೆ. ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಪುಟದಲ್ಲಿ ಅದನ್ನು ಓದಿದ ಜಾಗವೇ ಹಳದಿ ಚೌಕದಲ್ಲಿ ಕಾಣುತ್ತದೆ. 6 ಇದೆಯೋ 8 ಇದೆಯೋ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ವ್ಯತ್ಯಾಸದ ಮಿತಿಯನ್ನು 0.1 ಪೌಂಡ್ ಇಟ್ಟರೆ ಸಾಕು. ಅದಕ್ಕಿಂತ ಬಿಗಿ ಮಾಡಿದರೆ ದಶಮಾಂಶ ಕತ್ತರಿಸಿದ್ದಕ್ಕೆಲ್ಲ ಎಚ್ಚರಿಕೆ ಬರುತ್ತದೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಲಾಟ್‌ಗಳ ಸರಾಸರಿಗಾಗಿ. ಒಂದೇ ಸರ್ಟಿಫಿಕೇಟಿನಲ್ಲಿ ಮೂರು ಲಾಟ್ ಇವೆ ಎಂದುಕೊಳ್ಳಿ: 50 ಟನ್‌ಗೆ 48.90, 30 ಟನ್‌ಗೆ 47.80, 20 ಟನ್‌ಗೆ 45.70. ಸಾಫ್ಟ್‌ವೇರ್ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ 47.47 ತೋರಿಸುತ್ತದೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ 47.93. ಟನ್ನಿಗೆ 1,400 ಡಾಲರ್ ಬೆಲೆ, 48ಕ್ಕಿಂತ ಕಡಿಮೆಯಾದಷ್ಟಕ್ಕೆ ಅನುಪಾತದ ಕಡಿತ ಎಂದು ಹಿಡಿದರೆ, ಸರಿಯಾದ ಲೆಕ್ಕದಲ್ಲಿ 100 ಟನ್‌ಗೆ ಕಡಿತ ಸುಮಾರು 204 ಡಾಲರ್, ಸಾಫ್ಟ್‌ವೇರಿನ ಲೆಕ್ಕದಲ್ಲಿ ಸುಮಾರು 1,556 ಡಾಲರ್. ಇಷ್ಟು ದೊಡ್ಡ ಕ್ಲೇಮ್ ಕಳಿಸಿದರೆ ಆ ಕಡೆಯವರು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾರೆ, ಮುಂದಿನ ನ್ಯಾಯವಾದ ಕ್ಲೇಮಿಗೂ ಬೆಲೆ ಇರುವುದಿಲ್ಲ. ಸದ್ಯಕ್ಕೆ ದಾರಿ ಏನೆಂದರೆ, ಲಾಟ್‌ವಾರು ಅಂಕಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು ತೂಕದ ಕಾಲಂ ಸೇರಿಸಿ ಅಲ್ಲಿ ಲೆಕ್ಕ ಹಾಕುವುದು.

ಅದೇ ಉದಾಹರಣೆಯಲ್ಲಿ ಮೂರನೇ ಲಾಟ್ 46ರ ಕೆಳಗಿದೆ. ಸರಾಸರಿ ಮಾತ್ರ ನೋಡಿದರೆ ಹಳದಿ, ಲಾಟ್‌ವಾರು ನೋಡಿದರೆ 20 ಟನ್ ಕೆಂಪು. ಯಾವುದು ಸರಿ ಎಂಬುದು ಸಾಫ್ಟ್‌ವೇರಿಗೆ ಗೊತ್ತಾಗುವ ವಿಷಯವಲ್ಲ, ತಿರಸ್ಕಾರದ ಷರತ್ತು ಲಾಟಿಗೋ ಇಡೀ ಸರಕಿಗೋ ಎಂದು ಕಾಂಟ್ರಾಕ್ಟಿನಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಸಹಿ ಹಾಕುವ ಮೊದಲೇ ಬ್ರೋಕರ್ ಹತ್ತಿರ ಬರೆಸಿಕೊಳ್ಳಿ. ಲೋಡಿಂಗ್ ಬಂದರಿನ ಸರ್ಟಿಫಿಕೇಟನ್ನೂ ಪಣಂಬೂರಿನಲ್ಲಿ ಇಳಿಸಿದ ಮೇಲಿನದನ್ನೂ ಬೇರೆ ಬೇರೆ ಫೋಲ್ಡರಿಗೆ ಹಾಕಿ. ಯಾವುದು ಅಂತಿಮ ಎಂದು ಕಾಂಟ್ರಾಕ್ಟ್ ಹೇಳುತ್ತದೆ. ಒಂದೇ ಕಡೆ ಹಾಕಿದರೆ ಕೊನೆಗೆ ಅಪ್‌ಲೋಡ್ ಆದದ್ದೇ ಹಳೆಯದನ್ನು ಅಳಿಸಿ ಕೂರುತ್ತದೆ.

ಅಂಕಿಯ ಮೇಲೆ ನೀಲಿ ಸೀಲ್ ಬಿದ್ದಿದ್ದರೆ ಓದಲು ಆಗುವುದಿಲ್ಲ. ಪೆನ್ನಿನಲ್ಲಿ ತಿದ್ದಿದ್ದರೆ ಕೆಳಗಿನ ಮುದ್ರಿತ ಅಂಕಿಯನ್ನೇ ಹಿಡಿಯುತ್ತದೆ, ಆ ಪುಟಗಳನ್ನು ಕೈಯಲ್ಲೇ ತುಂಬಿ. ವಾಟ್ಸಾಪ್ ಫೋಟೋ ಬೇಡ, ಮೂಲ ಪಿಡಿಎಫ್ ಕೇಳಿ ತರಿಸಿ. ದರ ಪುಟದ ಲೆಕ್ಕದಲ್ಲಿ ಇರುವುದರಿಂದ ಚೀಲ, ಕಂಟೇನರ್ ಫೋಟೋಗಳ ಪುಟಗಳನ್ನು ತೆಗೆದು, ಫಲಿತಾಂಶದ ಪುಟ ಮತ್ತು ಕಟಿಂಗ್ ಟೆಸ್ಟ್ ಹಾಳೆ ಮಾತ್ರ ಅಪ್‌ಲೋಡ್ ಮಾಡಿದರೆ ಸಾಕಾಗುತ್ತದೆ.