ಆ್ಯಪ್ ತೆಗೆದು ಮತ್ತೆ ಹಾಕಿದಾಗ ಹಳೆಯ ಸಂದೇಶಗಳು ಏಕೆ ಬರಲಿಲ್ಲ: ಆರು ವರ್ಷದ ಬಳಕೆಯ ನಂತರ ಒಂದು ವಿಮರ್ಶೆ

ಈ ಮೆಸೇಜಿಂಗ್ ಆ್ಯಪನ್ನು ನಾನು ಆರು ವರ್ಷಗಳಿಂದ ಆಂಡ್ರಾಯ್ಡ್ ಫೋನಿನಲ್ಲಿ ಬಳಸುತ್ತಿದ್ದೇನೆ. ಕಳುಹಿಸಿದವರು ಮತ್ತು ಪಡೆದವರ ಹೊರತು ಬೇರೆ ಯಾರೂ, ಆ್ಯಪ್ ನಡೆಸುವವರೂ ಕೂಡ, ಸಂದೇಶವನ್ನು ಓದಲಾಗದಂತೆ ಅದು ಗೂಢಲಿಪೀಕರಣ ಮಾಡುತ್ತದೆ ಎಂಬ ಕಾರಣಕ್ಕೇ ನಾನು ಅದನ್ನು ಆರಿಸಿಕೊಂಡೆ. ಕರೆಯ ಧ್ವನಿ ಸ್ಪಷ್ಟವಾಗಿದೆ, ಜಾಹೀರಾತಿಲ್ಲ, ಗುಂಪುಗಳು ಚೆನ್ನಾಗಿ ನಡೆಯುತ್ತವೆ. ಇವುಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ. ನಾನು ಬರೆಯಬೇಕೆಂದಿರುವುದು ಐದನೆಯ ವರ್ಷದಲ್ಲಿ ಆ್ಯಪನ್ನು ಒಮ್ಮೆ ತೆಗೆದು ಮತ್ತೆ ಹಾಕಿದಾಗ ಅಷ್ಟೂ ಮಾತುಕತೆ ಅಳಿಸಿಹೋದದ್ದರ ಬಗ್ಗೆ ಮತ್ತು ಅದಕ್ಕೆ ಕಾರಣವೇನೆಂದು ಆಮೇಲೆ ನಾನು ತಿಳಿದುಕೊಂಡದ್ದರ ಬಗ್ಗೆ.

ಆಗ ನನ್ನ ಫೋನಿನ ಸ್ಟೋರೇಜ್ ಹೆಚ್ಚುಕಡಿಮೆ ಪೂರ್ತಿ ತುಂಬಿತ್ತು. ಒಂದು ಅಪ್‌ಡೇಟ್ ಆದ ಮೇಲೆ ಆ್ಯಪ್ ತೆರೆದ ಕ್ಷಣವೇ ಮುಚ್ಚಿಕೊಳ್ಳತೊಡಗಿತು. ಫೋನ್ ವಿಷಯ ಬಲ್ಲ ಗೆಳೆಯರೊಬ್ಬರು, "ಒಂದ್ಸಲ ಅನ್‌ಇನ್‌ಸ್ಟಾಲ್ ಮಾಡಿ ಹಾಕಿ, ಸರಿಹೋಗುತ್ತೆ" ಎಂದರು. ನಾನು ಹಾಗೆಯೇ ಮಾಡಿದೆ. ಮೊಬೈಲ್ ಸಂಖ್ಯೆ ಕೇಳಿತು, ಓಟಿಪಿ ಬಂತು, ನಾನು ಹಿಂದೆ ಇಟ್ಟುಕೊಂಡಿದ್ದ ಪಿನ್ ಕೇಳಿತು. ಪಿನ್ ಕೊಟ್ಟೊಡನೆ ನನ್ನ ಹೆಸರು ಮತ್ತು ಫೋಟೊ ಕಾಣಿಸಿಕೊಂಡವು; ಸ್ವಲ್ಪ ಹೊತ್ತಿನಲ್ಲಿ ನನ್ನ ಗುಂಪುಗಳು ಕೂಡ ಸದಸ್ಯರ ಪಟ್ಟಿಯ ಸಮೇತ ಒಂದೊಂದಾಗಿ ಮೇಲೆದ್ದವು. ಇಷ್ಟೆಲ್ಲ ಬಂದ ಮೇಲೆ ಸಂದೇಶಗಳೂ ಬರುತ್ತವೆ, ಇಳಿಯುವುದಕ್ಕೆ ಸಮಯ ಹಿಡಿಯುತ್ತಿದೆ ಎಂದುಕೊಂಡು ಫೋನನ್ನು ಚಾರ್ಜಿಗೆ ಹಾಕಿ ರಾತ್ರಿಯಿಡೀ ಕಾದೆ. ಬೆಳಿಗ್ಗೆ ಗುಂಪುಗಳಲ್ಲಿ ಹೊಸ ಸಂದೇಶಗಳು ಬಂದಿದ್ದವು. ಹಿಂದಿನ ದಿನ ಸಂಜೆಗಿಂತ ಮುಂಚಿನದು ಒಂದೂ ಇರಲಿಲ್ಲ.

ನನ್ನ ತಪ್ಪು ಗ್ರಹಿಕೆ ಎಲ್ಲಿತ್ತೆಂದರೆ, ಸಂದೇಶಗಳು ಎಲ್ಲೋ ದೂರದ ಸರ್ವರಿನಲ್ಲಿವೆ, ಫೋನು ಅವನ್ನು ತೋರಿಸುವ ಕಿಟಕಿ ಮಾತ್ರ ಎಂದು ನಾನು ಭಾವಿಸಿದ್ದೆ. ಕೆಲವು ಆ್ಯಪ್‌ಗಳಲ್ಲಿ ಅದು ನಿಜ. ಟೆಲಿಗ್ರಾಂನ ಸಾಮಾನ್ಯ ಚಾಟ್‌ಗಳು ಸರ್ವರಿನಲ್ಲೇ ಇರುವುದರಿಂದ ಯಾವ ಫೋನಿನಲ್ಲಿ ಲಾಗಿನ್ ಆದರೂ ಅವು ಬರುತ್ತವೆ. ಅದೇ ಟೆಲಿಗ್ರಾಂನ ಸೀಕ್ರೆಟ್ ಚಾಟ್‌ಗಳು ಮಾತ್ರ ಆ ಸಾಧನ ಬಿಟ್ಟು ಬರುವುದಿಲ್ಲ. ನಾನು ಬಳಸುವ ಆ್ಯಪಿನಲ್ಲಿ ಎಲ್ಲ ಚಾಟ್‌ಗಳೂ ಈ ಎರಡನೆಯ ಬಗೆಯವು. ಸರ್ವರ್ ಇಲ್ಲಿ ಅಂಚೆಯವರಂತೆ ಕೆಲಸ ಮಾಡುತ್ತದೆ: ಸಂದೇಶವನ್ನು ತಲುಪಿಸುವವರೆಗೆ ಗೂಢಲಿಪಿಯಲ್ಲೇ ಇಟ್ಟುಕೊಂಡಿರುತ್ತದೆ, ತಲುಪಿಸಿದ ಮೇಲೆ ಅದರ ಬಳಿ ಪ್ರತಿ ಉಳಿಯುವುದಿಲ್ಲ. ಆಮೇಲೆ ಆ ಸಂದೇಶ ಇರುವುದು ಎರಡೇ ಕಡೆ, ನನ್ನ ಫೋನಿನಲ್ಲಿ ಮತ್ತು ಎದುರಿನವರ ಫೋನಿನಲ್ಲಿ.

ನನ್ನ ಫೋನಿನಲ್ಲಿ ಅದು ಇರುವ ಜಾಗವೇ ಈ ಕಥೆಯ ಮುಖ್ಯ ಭಾಗ. ಆಂಡ್ರಾಯ್ಡ್ ಪ್ರತಿ ಆ್ಯಪಿಗೂ `/data/data/` ಎಂಬಲ್ಲಿ ಒಂದು ಖಾಸಗಿ ಫೋಲ್ಡರ್ ಕೊಡುತ್ತದೆ. ಬೇರೆ ಆ್ಯಪ್‌ಗಳಾಗಲಿ, ಫೈಲ್ ಮ್ಯಾನೇಜರ್ ಆಗಲಿ ಅದರೊಳಗೆ ಇಣುಕುವಂತಿಲ್ಲ. ಸಂದೇಶಗಳ ಡೇಟಾಬೇಸ್ ಇರುವುದು ಅಲ್ಲಿ. ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಆಂಡ್ರಾಯ್ಡ್ ಆ ಫೋಲ್ಡರನ್ನು ಸಂಪೂರ್ಣವಾಗಿ ಅಳಿಸುತ್ತದೆ. ಮತ್ತೆ ಹಾಕಿದಾಗ ಅದೇ ಹೆಸರಿನ, ಆದರೆ ಬರಿದಾದ ಹೊಸ ಫೋಲ್ಡರ್ ಹುಟ್ಟುತ್ತದೆ. ಅಂದರೆ ಆ್ಯಪ್ ನನ್ನ ಸಂದೇಶಗಳನ್ನು ಕಳೆದದ್ದಲ್ಲ. ಮರಳಿ ಬಂದ ಆ್ಯಪಿಗೆ ಅವು ಇದ್ದವೆಂಬುದೇ ತಿಳಿದಿರಲಿಲ್ಲ.

ಹಾಗಾದರೆ ಗುಂಪುಗಳು ಹೇಗೆ ಬಂದವು? ಅನೇಕರನ್ನು ದಾರಿ ತಪ್ಪಿಸುವುದು ಇದೇ. ಹೆಸರು, ಫೋಟೊ, ಸಂಪರ್ಕಗಳ ಪಟ್ಟಿ, ಯಾವ ಗುಂಪಿನಲ್ಲಿ ಯಾರಿದ್ದಾರೆ ಎಂಬಂಥ ಸಣ್ಣ ಮಾಹಿತಿಯನ್ನು ಆ್ಯಪ್ ಗೂಢಲಿಪಿಯಲ್ಲಿ ಸರ್ವರಿನಲ್ಲಿ ಇಟ್ಟಿರುತ್ತದೆ ಮತ್ತು ಪಿನ್ ಅದನ್ನು ಬಿಡಿಸುವ ಕೀಲಿ. ಪಿನ್ನಿಗೂ ಸಂದೇಶಗಳಿಗೂ ಸಂಬಂಧವೇ ಇಲ್ಲ. ಪಿನ್ ಇಟ್ಟಿದ್ದೇನೆ, ಆದ್ದರಿಂದ ನನ್ನ ಖಾತೆ ಭದ್ರ ಎಂದು ನಾನು ಐದು ವರ್ಷ ನಂಬಿದ್ದೆ. ಖಾತೆ ಭದ್ರವಾಗಿಯೇ ಇತ್ತು. ಚಾಟ್ ಖಾತೆಯ ಭಾಗವಲ್ಲ ಎಂಬುದನ್ನು ಆ ಪಿನ್ ಕೇಳುವ ಪರದೆ ಒಂದು ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು.

ಮರಳಿ ಪಡೆಯಲು ನಾನು ಮಾಡಿದ ಪ್ರಯತ್ನಗಳಲ್ಲಿ ಎರಡನ್ನು ಹೇಳುತ್ತೇನೆ, ಏಕೆಂದರೆ ಇದೇ ಸ್ಥಿತಿಯಲ್ಲಿರುವವರು ಇವೆರಡರ ಮೇಲೇ ಹಣ ಮತ್ತು ಸಮಯ ಕಳೆಯುತ್ತಾರೆ. ಮೊದಲನೆಯದು ಗೂಗಲ್ ಖಾತೆಯ ಬ್ಯಾಕಪ್. ಆಂಡ್ರಾಯ್ಡ್ ತಾನಾಗಿ ಮಾಡುವ ಆ ಬ್ಯಾಕಪ್ಪಿನಲ್ಲಿ ಒಂದು ಆ್ಯಪಿಗೆ ಸಿಗುವುದು 25 ಎಂಬಿ ಮಾತ್ರ. ಅದಕ್ಕಿಂತ ಮುಖ್ಯವಾಗಿ, ಯಾವ ಆ್ಯಪ್ ಬೇಕಾದರೂ ತನ್ನ ಡೇಟಾವನ್ನು ಅದರಿಂದ ಹೊರಗಿಡಬಹುದು. ಗುಟ್ಟು ಕಾಪಾಡುವುದನ್ನೇ ಉದ್ದೇಶವಾಗಿಟ್ಟುಕೊಂಡ ಈ ಆ್ಯಪ್ ಹಾಗೆಯೇ ಮಾಡಿದೆ. ಎರಡನೆಯದು, ಅಳಿಸಿದ ಫೈಲ್‌ಗಳನ್ನು ಹುಡುಕಿಕೊಡುತ್ತೇವೆ ಎನ್ನುವ ತಂತ್ರಾಂಶ. ಅದು ಸುಮಾರು ಒಂದು ಗಂಟೆ ಹುಡುಕಿ, ನಾನು ಎಂದೋ ಗ್ಯಾಲರಿಗೆ ಉಳಿಸಿದ್ದ ಚಿತ್ರಗಳ ಸಣ್ಣ ಪ್ರತಿಗಳನ್ನು ತೋರಿಸಿ, ಉಳಿದದ್ದಕ್ಕೆ ಹಣ ಕಟ್ಟಿ ಎಂದಿತು. ಉಳಿದದ್ದು ಅದರ ಬಳಿ ಇರಲು ಸಾಧ್ಯವೇ ಇರಲಿಲ್ಲ. ಡೇಟಾಬೇಸ್ ಸ್ವತಃ ಗೂಢಲಿಪಿಯಲ್ಲಿತ್ತು. ಅದರ ಕೀಲಿಯನ್ನು ಕಾಪಾಡುತ್ತಿದ್ದದ್ದು ಆಂಡ್ರಾಯ್ಡ್ ಕೀಸ್ಟೋರ್, ಮತ್ತು ಆ್ಯಪನ್ನು ತೆಗೆದಾಗ ಆ ಆ್ಯಪಿನ ಕೀಲಿಗಳೂ ಕೀಸ್ಟೋರಿನಿಂದ ಅಳಿಸಿಹೋಗುತ್ತವೆ. ಅಳಿದ ಫೈಲಿನ ಚೂರುಗಳು ಯಾರ ಕೈಗಾದರೂ ಸಿಕ್ಕವೆಂದೇ ಇಟ್ಟುಕೊಂಡರೂ ಅವು ಅರ್ಥವಿಲ್ಲದ ಬೈಟ್‌ಗಳು. ಕಳ್ಳರಿಂದ ನನ್ನನ್ನು ಕಾಪಾಡುವ ಬೀಗವೇ ನನ್ನನ್ನೂ ಹೊರಗಿಟ್ಟಿತು.

ಎದುರಿನವರ ಫೋನಿನಲ್ಲಿ ಪ್ರತಿ ಇರುತ್ತದೆ ಎಂದೆ. ಹೆಚ್ಚಿನ ಚಾಟ್‌ಗಳ ವಿಷಯದಲ್ಲಿ ಅದು ನನ್ನನ್ನು ಸ್ವಲ್ಪ ಮಟ್ಟಿಗೆ ಉಳಿಸಿತು. ಅಕ್ಕ ತನ್ನ ಫೋನಿನಿಂದ ಬೇಕಾದ ಚಿತ್ರಗಳನ್ನೂ ವಿಳಾಸಗಳನ್ನೂ ಮತ್ತೆ ಕಳುಹಿಸಿದಳು, ಆದರೆ ಅವೆಲ್ಲ ಇಂದಿನ ದಿನಾಂಕದಲ್ಲಿ, ಅವಳ ಹೆಸರಿನಲ್ಲಿ ಬಂದವು. ಅಪ್ಪನ ಚಾಟ್ ಮಾತ್ರ ಹಾಗಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಮಾತಾಡಲಾಗದೆ ಇದ್ದ ಹನ್ನೊಂದು ತಿಂಗಳು ಅವರು ಪಕ್ಕದ ಕೋಣೆಯಿಂದ ನನ್ನೊಡನೆ ಈ ಆ್ಯಪಿನಲ್ಲೇ ಮಾತಾಡುತ್ತಿದ್ದರು: "ಫ್ಯಾನ್ ಕಡಿಮೆ ಮಾಡು", "ಊಟ ಆಯ್ತಾ ನಿಂದು", "ಎಚ್ಚರ ಇದೀಯಾ". ಅವರು ತೀರಿಕೊಂಡ ಮೇಲೆ ನಾವೇ ಅವರ ಫೋನನ್ನು ರೀಸೆಟ್ ಮಾಡಿ ಸಂಬಂಧಿಕರೊಬ್ಬರಿಗೆ ಕೊಟ್ಟಿದ್ದೆವು. ಎರಡು ಪ್ರತಿಗಳಲ್ಲಿ ಒಂದು ಅಂದೇ ಹೋಗಿತ್ತು, ಉಳಿದಿದ್ದ ಒಂದನ್ನು ನಾನು ಅಳಿಸಿದೆ.

ಈಗ ತಿಳಿದಿರುವುದು ಅಂದು ತಿಳಿದಿದ್ದರೆ ನಾನು ಮಾಡುತ್ತಿದ್ದದ್ದು ಬಹಳ ಸರಳ. ಆ್ಯಪ್ ತೆರೆಯುತ್ತಿಲ್ಲವೆಂದರೆ ಮೊದಲು ದೊಡ್ಡ ವಿಡಿಯೊಗಳನ್ನು ಬೇರೆಡೆಗೆ ಸಾಗಿಸಿ ಒಂದೆರಡು ಜಿಬಿ ಜಾಗ ಮಾಡಿಕೊಳ್ಳಬೇಕು, ಫೋನನ್ನು ಮರುಪ್ರಾರಂಭಿಸಬೇಕು, ಆ್ಯಪಿಗೆ ಹೊಸ ಅಪ್‌ಡೇಟ್ ಬಂದಿದೆಯೇ ನೋಡಬೇಕು. ಇರುವ ಆ್ಯಪಿನ ಮೇಲೆಯೇ ಅಪ್‌ಡೇಟ್ ಹಾಕಿದರೆ ಡೇಟಾ ಹಾಗೆಯೇ ಇರುತ್ತದೆ. ಆ್ಯಪಿನ ಮಾಹಿತಿ ಪರದೆಯಲ್ಲಿ ಸ್ಟೋರೇಜ್ ಒತ್ತಿದರೆ ಎರಡು ಗುಂಡಿಗಳು ಕಾಣುತ್ತವೆ. `Clear cache` ಒತ್ತಿದರೆ ತಾತ್ಕಾಲಿಕ ಫೈಲ್‌ಗಳಷ್ಟೇ ಹೋಗುತ್ತವೆ, ಚಾಟ್‌ಗಳಿಗೆ ಏನೂ ಆಗುವುದಿಲ್ಲ. ಅದರ ಪಕ್ಕದ `Clear storage`, ಕೆಲವು ಫೋನ್‌ಗಳಲ್ಲಿ `Clear data`, ಅನ್‌ಇನ್‌ಸ್ಟಾಲ್ ಮಾಡಿದಷ್ಟೇ ಅಪಾಯಕಾರಿ. ಇಷ್ಟಾಗಿ ಆ್ಯಪ್ ಒಂದೇ ಒಂದು ಬಾರಿ ತೆರೆದುಕೊಂಡರೂ ಮಾಡಬೇಕಾದ ಮೊದಲ ಕೆಲಸ ಬ್ಯಾಕಪ್.

ಲೋಕಲ್ ಬ್ಯಾಕಪ್ ಸೌಲಭ್ಯ ಈ ಆ್ಯಪಿನಲ್ಲಿ ಮೊದಲಿನಿಂದಲೂ ಇತ್ತು, ಸೆಟ್ಟಿಂಗ್ಸ್‌ನ ಒಳಗೆ, ತಾನಾಗಿ ಚಾಲೂ ಆಗದ ಸ್ಥಿತಿಯಲ್ಲಿ. ಕಳೆದ ಒಂದು ವರ್ಷದಿಂದ ನಾನು ಅದನ್ನು ಬಳಸುತ್ತಿದ್ದೇನೆ. ಚಾಲೂ ಮಾಡುವಾಗ ಅದು ಒಂದು ಫೋಲ್ಡರ್ ಕೇಳುತ್ತದೆ. ನಾನು ಡಾಕ್ಯುಮೆಂಟ್ಸ್ ಒಳಗೆ ಬೇರೆಯೇ ಫೋಲ್ಡರ್ ಮಾಡಿ ಕೊಟ್ಟೆ, ಏಕೆಂದರೆ `Android/data` ಒಳಗಿರುವ ಆ್ಯಪಿನ ಫೋಲ್ಡರ್ ಕೂಡ ಆ್ಯಪಿನ ಜೊತೆಗೇ ಅಳಿಸಿಹೋಗುತ್ತದೆ. ನಂತರ ಐದೈದರ ಆರು ಗುಂಪುಗಳಲ್ಲಿ 30 ಅಂಕಿಗಳ ಒಂದು ಗುಪ್ತಸಂಖ್ಯೆ ತೋರಿಸುತ್ತದೆ. ಅದಿಲ್ಲದೆ ಬ್ಯಾಕಪ್ ಫೈಲ್ ತೆರೆಯುವುದಿಲ್ಲ, ಆ್ಯಪ್ ನಡೆಸುವವರ ಬಳಿಯೂ ಅದು ಇರುವುದಿಲ್ಲ. ನಾನು ಅದನ್ನು ಕಾಗದದ ಮೇಲೆ ಬರೆದಿಟ್ಟು, ಸರಿಯಾಗಿ ಬರೆದೆನೇ ಎಂದು ಆ್ಯಪಿನಲ್ಲೇ ಇರುವ ಪರೀಕ್ಷಿಸುವ ಆಯ್ಕೆಯಲ್ಲಿ ಒಮ್ಮೆ ಟೈಪ್ ಮಾಡಿ ನೋಡಿದೆ. ಒಂದು 7 ನನ್ನ ಕೈಬರಹದಲ್ಲಿ 1ರಂತೆ ಕಾಣುತ್ತಿದ್ದದ್ದು ಆಗಲೇ ಗೊತ್ತಾದದ್ದು.

ಇದರಲ್ಲೂ ಒಂದು ಕೊರತೆ ಕಂಡಿದ್ದೇನೆ. ಹೊಸ ಬ್ಯಾಕಪ್ ಬರೆಯಲು ಸಾಕಷ್ಟು ಖಾಲಿ ಜಾಗ ಬೇಕು. ಮಧ್ಯದಲ್ಲೊಮ್ಮೆ ಜಾಗ ಸಾಲದೆ ದಿನದ ಬ್ಯಾಕಪ್ ನಿಂತುಹೋಗಿತ್ತು, ನನ್ನ ಗಮನಕ್ಕೆ ಬಂದದ್ದು ಒಂಬತ್ತು ದಿನದ ಮೇಲೆ, ಫೋಲ್ಡರಿನಲ್ಲಿದ್ದ ಫೈಲಿನ ಹೆಸರಿನಲ್ಲಿ ದಿನಾಂಕ ನೋಡಿದಾಗ. ಆದ್ದರಿಂದ ಬ್ಯಾಕಪ್ ಚಾಲೂ ಇದೆ ಎಂದು ಪರದೆ ಹೇಳಿದರೆ ಸಾಲದು, ಕೊನೆಯ ಫೈಲಿನ ದಿನಾಂಕ ಮತ್ತು ಗಾತ್ರ ನೋಡಬೇಕು. ಮತ್ತೆ ಹಾಕುವಾಗಲೂ ಒಂದು ಎಚ್ಚರ ಬೇಕು: ಬ್ಯಾಕಪ್‌ನಿಂದ ಮರಳಿ ತರುವ ಆಯ್ಕೆಯನ್ನು ನೋಂದಣಿಯ ಹೊತ್ತಿನಲ್ಲೇ ಆರಿಸಬೇಕು. ಅವಸರದಲ್ಲಿ ಅದನ್ನು ದಾಟಿ ಮುಂದೆ ಹೋದರೆ, ಫೈಲ್ ಕೈಯಲ್ಲಿದ್ದರೂ ಚಾಟ್ ಪಟ್ಟಿ ಬರಿದಾಗಿಯೇ ಕಾಣುತ್ತದೆ.

ಆ್ಯಪ್ ಮಾಡುವವರ ಮೇಲೆ ನನಗಿರುವ ದೂರು, ಅವರು ಸಂದೇಶಗಳನ್ನು ಸರ್ವರಿನಲ್ಲಿ ಇಟ್ಟುಕೊಳ್ಳಲಿಲ್ಲ ಎಂದಲ್ಲ. ಅದು ಅವರು ಕೊಟ್ಟ ಮಾತು, ಅದನ್ನು ಉಳಿಸಿಕೊಂಡಿದ್ದಾರೆ. ಆದರೆ ಆಂಡ್ರಾಯ್ಡ್ 10ರಿಂದ ಈಚೆಗೆ `android:hasFragileUserData` ಎಂಬ ಒಂದು ಗುರುತನ್ನು ಆ್ಯಪಿನಲ್ಲಿ ಹಾಕಿದರೆ, ಅನ್‌ಇನ್‌ಸ್ಟಾಲ್ ಮಾಡುವಾಗ ಆ್ಯಪಿನ ಡೇಟಾ ಇಷ್ಟಿದೆ, ಉಳಿಸಬೇಕೇ ಎಂದು ಆಂಡ್ರಾಯ್ಡ್ ಕೇಳಬಲ್ಲದು. ನನಗೆ ಕಾಣಿಸಿದ್ದು ಆ್ಯಪನ್ನು ತೆಗೆಯಬೇಕೇ ಎಂಬ ಒಂದೇ ಪ್ರಶ್ನೆ. ಐದು ವರ್ಷದ ಮಾತುಕತೆಯ ಗಾತ್ರವನ್ನು ಆ ಕ್ಷಣದಲ್ಲಿ ಯಾರಾದರೂ ಅಂಕಿಯಲ್ಲಿ ತೋರಿಸಿದ್ದರೆ ನನ್ನ ಬೆರಳು ಖಂಡಿತ ನಿಲ್ಲುತ್ತಿತ್ತು. ಈ ಕಾರಣಕ್ಕೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತಿದ್ದೇನೆ. ಆ್ಯಪನ್ನು ಬಿಟ್ಟಿಲ್ಲ, ಪ್ರತಿ ಭಾನುವಾರ ಬ್ಯಾಕಪ್ ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುತ್ತೇನೆ, ಏಕೆಂದರೆ ಫೋನಿನಲ್ಲೇ ಇರುವ ಬ್ಯಾಕಪ್ ಫೋನು ಕಳೆದ ದಿನ ಫೋನಿನ ಜೊತೆಗೇ ಹೋಗುತ್ತದೆ.