ಎರೆಗೊಬ್ಬರದ ಡಬ್ಬಿ, 14 ತಿಂಗಳ ಬಳಿಕ: ನಲ್ಲಿ ಅರ್ಧ ಇಂಚು ಮೇಲಿದೆ

ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ‘ಪ್ರತಿದಿನ ನೀರು ಚಿಮುಕಿಸಿ’ ಎಂದು ಅಚ್ಚಾಗಿತ್ತು. ಅದನ್ನು ನಂಬಿ ಮೊದಲು ಬಿಟ್ಟ ಎರೆಹುಳಗಳಲ್ಲಿ ಮುಕ್ಕಾಲು ಪಾಲು ಕಳೆದುಕೊಂಡೆ. ಹೀಗಾಗಿ ಇಲ್ಲಿ ನೀರಿನ ಮಾತೇ ಹೆಚ್ಚು.

ನಾವು ವಿಜಯಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಹಿತ್ತಲಿಲ್ಲ, ಬಚ್ಚಲ ಪಕ್ಕ ಒಂದು ಗಲ್ಲಿಯಷ್ಟು ಜಾಗವಿದೆ. ₹1,900 ಕೊಟ್ಟು ಎರಡು ಅಂತಸ್ತಿನ ಪ್ಲಾಸ್ಟಿಕ್ ಡಬ್ಬಿ, ತೆಂಗಿನ ನಾರಿನ ಪುಡಿಯ ಒಂದು ಇಟ್ಟಿಗೆ, ಕಾಲು ಕಿಲೋ ಹುಳ ತರಿಸಿದೆ. ಇಟ್ಟಿಗೆ ನೆನೆಸಿ, ಮೇಲಿನ ಅಂತಸ್ತಿನಲ್ಲಿ ಹರವಿ, ಹುಳ ಬಿಟ್ಟು, ಕಾಯಿಪಲ್ಲೆ ಸಿಪ್ಪೆ ಹಾಕತೊಡಗಿದೆ. ದಿನಾ ಒಂದು ತಂಬಿಗೆ ನೀರೂ ಹಾಕಿದೆ.

ಮೂರನೆಯ ವಾರ ಮುಚ್ಚಳ ತೆಗೆದರೆ ಗಟಾರದ ನಾತ. ಹುಳಗಳು ಗೋಡೆ ಹತ್ತಿ ಮುಚ್ಚಳದ ಒಳಗೆ ಗುಂಪಾಗಿದ್ದವು. ಮೇಲಿನ ಎರಡು ಬೆರಳಷ್ಟು ಪುಡಿ ಒಣಗಿತ್ತು, ಕೈ ಒಳಗಿಟ್ಟರೆ ಕೆಳಗೆಲ್ಲ ಕೆಸರು. ಒಣಗಿದ ಮೇಲ್ಪದರ ನೋಡಿ ನಾನು ಇನ್ನಷ್ಟು ನೀರು ಹಾಕುತ್ತಿದ್ದೆ! ಸಿಪ್ಪೆಯಲ್ಲೇ ಬಹುಪಾಲು ನೀರು, ಪ್ಲಾಸ್ಟಿಕ್ ಗೋಡೆಯಿಂದ ಅದು ಆರುವುದಿಲ್ಲ. ಕೆಳಗೆ ಇಳಿದ ನೀರೂ ಹೊರಗೆ ಹೋಗುತ್ತಿರಲಿಲ್ಲ, ಏಕೆಂದರೆ ಕೆಳಗಿನ ಅಂತಸ್ತಿನ ನಲ್ಲಿ ತಳದಿಂದ ಅರ್ಧ ಇಂಚು ಮೇಲೆ ಕೂತಿದೆ. ಆ ಅರ್ಧ ಇಂಚು ನೀರು ಅಲ್ಲೇ ನಿಂತು ಕೊಳೆಯುತ್ತದೆ, ಮೇಲಿನ ಅಂತಸ್ತು ಒದ್ದೆಯಾಗಿಯೇ ಉಳಿಯುತ್ತದೆ. ಗಾಳಿಯಾಡದ ಕೆಸರಿನಲ್ಲಿ ಹುಳಕ್ಕೆ ಉಸಿರಿಲ್ಲ, ಅದು ಚರ್ಮದಿಂದಲೇ ಉಸಿರಾಡುವ ಜೀವಿ. ನಲ್ಲಿಯ ಈ ದೋಷಕ್ಕೆ ಈಗಲೂ ನನಗೆ ಸಿಟ್ಟಿದೆ.

ಇಂಡಿಯಲ್ಲಿ ನಿಂಬೆ ತೋಟ ಮಾಡುವ ನಮ್ಮ ಮೈದುನ ಬಂದವನೇ ಒಂದು ಮುಷ್ಟಿ ತೆಗೆದು ಹಿಂಡಿದ. ನೀರು ಧಾರೆಯಾಗಿ ಸುರಿಯಿತು. ‘ವೈನಿ, ನೀರು ಸಾಕ್ ಮಾಡ್ರಿ. ಹಿಂಡಿದ್ರ ಒಂದೆರಡು ಹನಿ ಬರಬೇಕು, ಅಷ್ಟ. ಇದಕ್ಕ ಒಣಾದ್ದು ಹಾಕ್ರಿ’ ಎಂದ. ಡಬ್ಬಿ ಸರಿಯಾದದ್ದು ಆ ಮಾತಿನಿಂದ.

ಎಲ್ಲ ಹೊರಗೆ ಸುರಿದು, ಉಳಿದ ಹುಳ ಆರಿಸಿಟ್ಟುಕೊಂಡು ಹಾಸಿಗೆಯನ್ನು ಮತ್ತೆ ಹಾಕಿದೆವು. ಕೆಳಗೆ ಬೆರಳುದ್ದ ಕತ್ತರಿಸಿದ ಒಣ ಜೋಳದ ದಂಟು, ನಾಲ್ಕು ಬೆರಳು ದಪ್ಪ. ಅದು ಬೇಗ ಕುಗ್ಗುವುದಿಲ್ಲ, ಗಾಳಿಗೆ ಸಂದು ಬಿಡುತ್ತದೆ. ಅದರ ಮೇಲೆ ಹೊಸ ನಾರಿನ ಪುಡಿ ಮತ್ತು ಹರಿದ ಪೇಪರ್ ಪಟ್ಟಿಗಳು ಸಮಪಾಲು. ಜೊತೆಗೆ ಎರಡು ಬೊಗಸೆ ಹಳೆಯ ಸಗಣಿ ಗೊಬ್ಬರ, ಒಂದು ಹಿಡಿ ಮಣ್ಣು. ಹಸಿ ಸಗಣಿ ಕಾವೇರುತ್ತದೆ, ಹುಳ ಸಾಯುತ್ತವೆ. ಮೂರು ದಿನ ಹಾಗೇ ಬಿಟ್ಟು, ಕೈಯಿಟ್ಟು ಬಿಸಿಯಿಲ್ಲ ಎಂದು ನೋಡಿದ ಮೇಲೆ ಹುಳ ಬಿಟ್ಟೆವು. ಡಬ್ಬಿಯ ಹಿಂದಿನ ಕಾಲಿಗೆ ಒಂದು ಇಟ್ಟಿಗೆ ಕೊಟ್ಟು ನಲ್ಲಿಯ ಕಡೆಗೆ ವಾಲಿಸಿದ ಮೇಲೆ ತಳದ ನೀರು ಹೊರಗೆ ಬರತೊಡಗಿತು. ಈಗ ನಲ್ಲಿ ತೆರೆದೇ ಇರುತ್ತದೆ, ಕೆಳಗೊಂದು ಬಟ್ಟಲು.

ಇಂದಿನ ನನ್ನ ಬೆಳಗು ಹೀಗಿದೆ. ಚಹಾಕ್ಕೆ ನೀರಿಟ್ಟು, ಹಿಂದಿನ ದಿನದ ಮೆಂತ್ಯೆ ದಂಟು, ಬದನೆಕಾಯಿ ತೊಟ್ಟು, ಬಾಳೆಸಿಪ್ಪೆ ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹೂಳುತ್ತೇನೆ. ಒಂದು ಹಿಡಿ ಸಿಪ್ಪೆಗೆ ಒಂದು ಹಿಡಿ ಪೇಪರ್ ಪಟ್ಟಿ ಹಾಕಲೇಬೇಕು. ನಾಳೆ ಎದುರಿನ ಮೂಲೆ. ಮೇಲೊಂದು ಗೋಣಿತಾಟು ಮುಚ್ಚುತ್ತೇನೆ. ಪೇಪರ್ ಮರೆತ ವಾರ ಸಣ್ಣ ನೊಣ ಬರುತ್ತವೆ, ಇಲ್ಲವೇ ದಾರದಂಥ ಬಿಳಿ ಹುಳ ತುಂಬುತ್ತವೆ. ಒದ್ದೆ ಹೆಚ್ಚಾಗಿದೆ, ಹುಳಿ ಏರಿದೆ ಎಂಬುದಕ್ಕೆ ಅವೇ ಗುರುತು.

ಬೇಸಿಗೆಯಲ್ಲಿ ಲೆಕ್ಕ ಬೇರೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹುಳಕ್ಕೆ 35ರ ಮೇಲೆ ಕಷ್ಟ. ಆಗಲೂ ಒಳಗೆ ನೀರು ಸುರಿಯಲಿಲ್ಲ. ಡಬ್ಬಿಯನ್ನು ಬಚ್ಚಲ ಉತ್ತರ ಗೋಡೆಗೆ ಸರಿಸಿ, ಮುಚ್ಚಳ ತೆಗೆದು, ಮೇಲಿನ ಗೋಣಿಯನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ತೋಯಿಸಿ ಹಿಂಡಿ ಹಾಸಿದೆ. ಒಣ ಗಾಳಿಗೆ ಗೋಣಿ ಆರುವಾಗ ಒಳಗೆಲ್ಲ ತಂಪಾಗುತ್ತದೆ. ಹೋದ ಬೇಸಿಗೆ ಹೀಗೇ ಕಳೆಯಿತು, ಗೋಡೆಗೆ ಒಂದು ಹುಳವೂ ಹತ್ತಲಿಲ್ಲ.

ಇದರ ಮಿತಿ ಹೇಳಲೇಬೇಕು. ಕಾಲು ಕಿಲೋ ಹುಳಕ್ಕೆ ದಿನಕ್ಕೆ 100 ಗ್ರಾಂ ಸಿಪ್ಪೆ ಸಾಕು. ನಾಲ್ಕು ಜನರ ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ. ಹುಳ ಮೂರುಪಟ್ಟು ಆಗುವವರೆಗೆ ಅರ್ಧದಷ್ಟು ಹೊರಗೆ ಕೊಡುತ್ತಿದ್ದೆ. ನಿಂಬೆಸಿಪ್ಪೆ, ಉಳ್ಳಾಗಡ್ಡಿ, ಮೆಣಸಿನಕಾಯಿ, ಎಣ್ಣೆ-ಉಪ್ಪಿನ ಪಲ್ಲೆ ಈಗಲೂ ಒಳಗೆ ಹೋಗುವುದಿಲ್ಲ.

ಮೂರು ತಿಂಗಳಿಗೊಮ್ಮೆ ಗೊಬ್ಬರವನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಗಷ್ಟೇ ಸಿಪ್ಪೆ ಹಾಕುತ್ತೇನೆ. ಎರಡು ವಾರದಲ್ಲಿ ಹುಳಗಳು ತಾವೇ ದಾಟುತ್ತವೆ. ಕಪ್ಪು ರವೆಯಂಥ ಆ ಗೊಬ್ಬರದಲ್ಲಿ ಮೊದಲ ಮಳೆಯ ವಾಸನೆ. ಅದನ್ನು ಮೂಗಿನ ಹತ್ತಿರ ಹಿಡಿದಾಗ ಮೊದಲ ತಿಂಗಳ ಸಿಟ್ಟು ಅರ್ಧ ಇಳಿಯುತ್ತದೆ. ನಲ್ಲಿ ತಳಕ್ಕೆ ಹತ್ತಿ ಕೂತಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ, ಈಗ ಮೂರು. ಕೊಳ್ಳುವವರು ಮೊದಲ ದಿನವೇ ಹಿಂದಿನ ಕಾಲಿಗೆ ಇಟ್ಟಿಗೆ ಕೊಡಿ, ಆ ಹಾಳೆಯಲ್ಲಿನ ‘ಪ್ರತಿದಿನ’ ಎಂಬ ಮಾತನ್ನು ಹೊಡೆದುಹಾಕಿ.