ಜಗಲಿಯ ಕತ್ತಲು, ಅಂಗಳದಾಚೆಯ ಆಕಾಶ: ಟೋನ್ ಮ್ಯಾಪಿಂಗೋ, ಎಕ್ಸ್‌ಪೋಶರ್ ಬ್ಲೆಂಡಿಂಗೋ?

ಕಾಸರಗೋಡು ಕಡೆಯ ಹಂಚಿನ ಮನೆಯ ಜಗಲಿಯಲ್ಲಿ ನಿಂತು ಹೊರಗೆ ಕ್ಯಾಮೆರಾ ಹಿಡಿದರೆ ಕತ್ತಲು, ಬಿಸಿಲು ಎರಡರ ಕಷ್ಟವೂ ಒಟ್ಟಿಗೇ ಎದುರಾಗುತ್ತದೆ. ಹತ್ತಿರದಲ್ಲಿ ಮಾಡಿನ ಕೆಳಗಿನ ಪಕ್ಕಾಸು, ಮರದ ಕಂಬ, ಕಪ್ಪು ನೆಲ. ಅದರಾಚೆ ಬಿಸಿಲು ಬಿದ್ದ ಅಂಗಳದಲ್ಲಿ ಒಣಗುವ ಅಡಿಕೆ, ತೋಟದ ಸೋಗೆಗಳು, ಅವುಗಳ ಮೇಲೆ ಬಿಳಿ ಮೋಡ. ಬದಿಯಡ್ಕ ಬದಿಯ ಇಂಥದೊಂದು ಮನೆಯಲ್ಲಿ ಬೆಳಗ್ಗೆ 11 ಗಂಟೆಗೆ ತೆಗೆದ ಒಂದೇ ದೃಶ್ಯದ ಹಲವು ಎಕ್ಸ್‌ಪೋಶರುಗಳನ್ನು ಟೋನ್ ಮ್ಯಾಪಿಂಗ್, ಎಕ್ಸ್‌ಪೋಶರ್ ಬ್ಲೆಂಡಿಂಗ್ ಎಂಬ ಎರಡೂ ದಾರಿಯಲ್ಲಿ ಒಂದಾಗಿಸಿ ನೋಡಿದ ಹೋಲಿಕೆ ಇದು. ಈ ದೃಶ್ಯದಲ್ಲಿ ಗೆದ್ದದ್ದು ಬ್ಲೆಂಡಿಂಗ್. ಆದರೆ ಅದನ್ನು ಇದ್ದ ಹಾಗೇ ಓಡಿಸಿದರೆ ಅದೂ ಸೋಲುತ್ತದೆ.

ಮೊದಲು ಅಳತೆ. ಎಫ್/8, ಐಎಸ್‌ಒ 100ರಲ್ಲಿ ಸ್ಪಾಟ್ ಮೀಟರು ಮೋಡಕ್ಕೆ 1/2000 ಸೆಕೆಂಡ್ ತೋರಿಸಿತು, ಪಕ್ಕಾಸಿನ ಮೂಲೆಗೆ 1/4. ನಡುವೆ ಒಂಬತ್ತು ಸ್ಟಾಪ್, ಅಂದರೆ ಬೆಳಕು ಒಂಬತ್ತು ಸಲ ಇಮ್ಮಡಿಯಾದಷ್ಟು ಅಂತರ. ಮೋಡದೊಳಗಿನ ಮಡಿಕೆ, ಮೂಲೆಯೊಳಗಿನ ಮರದ ಗೆರೆ ಉಳಿಯಬೇಕಾದರೆ ಎರಡೂ ತುದಿಯಲ್ಲಿ ಇನ್ನಷ್ಟು ಜಾಗ ಬೇಕು. ಹಾಗಾಗಿ ಟ್ರೈಪಾಡ್ ಮೇಲೆ ಐದು ಫ್ರೇಮ್: 1/1000, 1/250, 1/60, 1/15, 1/4. ಬದಲಾಗಬೇಕಾದದ್ದು ಶಟರ್ ಮಾತ್ರ. ಅಪರ್ಚರ್ ಬದಲಾದರೆ ಫೋಕಸಿನ ಆಳವೂ ಬದಲಾಗಿ ಫ್ರೇಮುಗಳು ಒಂದಕ್ಕೊಂದು ಕೂಡುವುದಿಲ್ಲ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಒಂದೇ ಕಂಬ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ನೀಲಿ.

ಟೋನ್ ಮ್ಯಾಪಿಂಗಿಗೆ ಲ್ಯೂಮಿನೆನ್ಸ್ ಎಚ್‌ಡಿಆರ್ ಬಳಸಿದ್ದು. ಐದೂ ಫ್ರೇಮ್ ಸೇರಿ ಒಂದು 32 ಬಿಟ್ ಕಡತವಾಗುತ್ತದೆ. ಅದರಲ್ಲಿ ಪ್ರತಿ ಬಿಂದುವಿನ ಬೆಲೆ ನಿಜವಾದ ಬೆಳಕಿನ ಅನುಪಾತದಲ್ಲೇ ಇರುತ್ತದೆ, ಅದನ್ನು ಪರದೆ ತೋರಿಸಲಾರದು. ಅಲ್ಲಿಂದ ಪರದೆಗೆ ಹೊಂದುವಂತೆ ಕುಗ್ಗಿಸುವ ಕೆಲಸ ಆಪರೇಟರ್ ಎಂಬ ಸೂತ್ರದ್ದು. ಡ್ರಾಗೋದಂಥವು ಇಡೀ ಚಿತ್ರಕ್ಕೆ ಒಂದೇ ವಕ್ರರೇಖೆ ಹಾಕುತ್ತವೆ. ಅಂಚು ಕೆಡುವುದಿಲ್ಲ, ಆದರೆ ಅಂಗಳದ ಅಡಿಕೆ ಸಪ್ಪೆಯಾಗುತ್ತದೆ. ಮಾಂಟಿಯುಕ್ '06, ಫಟ್ಟಾಲ್ ಇವು ಅಕ್ಕಪಕ್ಕದ ವ್ಯತ್ಯಾಸ ನೋಡುತ್ತವೆ: ದೊಡ್ಡ ವ್ಯತ್ಯಾಸವನ್ನು ಹಿಂಡಿ, ಸಣ್ಣದನ್ನು ಉಳಿಸುತ್ತವೆ. ಮರದ ಗೆರೆ, ಹಂಚಿನ ಒರಟು, ಒಣ ಅಡಿಕೆಯ ಸುಕ್ಕು ಇವುಗಳಲ್ಲಿ ಮಾಂಟಿಯುಕ್ ಕೊಟ್ಟಷ್ಟು ವಿವರ ಬ್ಲೆಂಡಿಂಗ್ ಕೊಡಲಿಲ್ಲ, ಒಪ್ಪಬೇಕು.

ಕೆಟ್ಟದ್ದು ಮಾಡಿನ ಅಂಚಿನಲ್ಲಿ. ಕಪ್ಪು ಹಂಚಿನ ಪಕ್ಕದ ಆಕಾಶಕ್ಕೆ ಬೆಳ್ಳನೆಯ ಪ್ರಭೆ ಬಂತು. ಮಾಂಟಿಯುಕ್‌ನಂಥ ಸ್ಥಳೀಯ ಆಪರೇಟರು ಒಂದು ಬಿಂದುವನ್ನು ಎಷ್ಟು ಕುಗ್ಗಿಸಬೇಕೆಂದು ಅದರ ಸುತ್ತಲಿನ ಬೆಳಕಿನಿಂದ ತೀರ್ಮಾನಿಸುತ್ತದೆ. ಮಾಡಿಗೆ ಅಂಟಿದ ಆಕಾಶದ ಸುತ್ತು ಅರ್ಧ ಕತ್ತಲು, ಹಾಗಾಗಿ ಅದು ಕಡಿಮೆ ಕುಗ್ಗುತ್ತದೆ. ದೂರದ ಆಕಾಶ ಪೂರ್ತಿ ಕುಗ್ಗಿ ಬೂದಿಯಾಗುತ್ತದೆ. Contrast Factor 0.1ರಲ್ಲಿ ಪ್ರಭೆ ಎದ್ದು ಕಂಡಿತು, 0.35ಕ್ಕೆ ಏರಿಸಿದಾಗ ಬಹುಪಾಲು ಅಡಗಿತು, ಜೊತೆಗೆ ಮೂಲೆಯೂ ಮತ್ತೆ ಕಪ್ಪಾಯಿತು. Saturation Factor 0.8 ಇದ್ದದ್ದನ್ನು 0.6ಕ್ಕೆ ಇಳಿಸದಿದ್ದರೆ ಮುರಕಲ್ಲಿನ ಗೋಡೆ ಕಿತ್ತಳೆ ಹಣ್ಣು. ಅತಿಯಾಯಿತೋ ಇಲ್ಲವೋ ನೋಡಲು ಒಂದು ಸುಲಭ ಪರೀಕ್ಷೆ ಇದೆ: ನೆರಳಿನಲ್ಲಿರುವ ಸುಣ್ಣದ ಗೋಡೆಗಿಂತ ಬಿಸಿಲಿನ ಮೋಡ ಕಪ್ಪಾಗಿ ಕಂಡರೆ ಮಿತಿ ದಾಟಿದೆ.

ಬ್ಲೆಂಡಿಂಗಿಗೆ ಬಳಸಿದ ಎನ್‌ಫ್ಯೂಸಿನ ದಾರಿ ಬೇರೆ. 2007ರಲ್ಲಿ ಮೆರ್ಟೆನ್ಸ್, ಕೌಟ್ಸ್, ವಾನ್ ರೀತ್ ವಿವರಿಸಿದ ವಿಧಾನ ಅದು. 32 ಬಿಟ್ ಕಡತವೇ ಬೇಡ. ಪ್ರತಿ ಫ್ರೇಮಿನ ಪ್ರತಿ ಬಿಂದುವಿಗೂ ಒಂದು ತೂಕ ಕೊಟ್ಟು, ಹಲವು ಗಾತ್ರದ ಪದರಗಳಲ್ಲಿ ಬೆರೆಸುತ್ತದೆ. 0ಯಿಂದ 1ರ ಅಳತೆಯಲ್ಲಿ 0.5ರ ಬಳಿ ಇರುವ ಬಿಂದುವಿಗೆ ತೂಕ 1, ಅತ್ತಿತ್ತ ಹೋದಂತೆ ಗಂಟೆಯಾಕಾರದಲ್ಲಿ ಇಳಿಯುತ್ತದೆ. ಇಳಿಯುವ ಅಗಲ ಮೊದಲೇ 0.2 ಎಂದಿರುತ್ತದೆ.

ಮೊದಲ ಸಲ ಬಂದ ಚಿತ್ರದಲ್ಲಿ ಮಾಡಿನ ಅಂಚು ಚೊಕ್ಕ, ಬಣ್ಣ ಸಹಜ. ಆದರೆ ಮೋಡಕ್ಕೆ ಹಾಲು ಸುರಿದಂತೆ. ಕಾರಣ ಆ 0.2ರಲ್ಲೇ ಇದೆ. ಪೂರ್ತಿ ಬಿಳಿಯಾದ ಬಿಂದುವಿಗೂ ತೂಕ ಸೊನ್ನೆಯಾಗುವುದಿಲ್ಲ, 0.044 ಉಳಿಯುತ್ತದೆ. ನಮ್ಮ ಐದರಲ್ಲಿ ನಾಲ್ಕು ಫ್ರೇಮಿನಲ್ಲಿ ಮೋಡ ಸುಟ್ಟಿದೆ ಎಂದುಕೊಳ್ಳಿ. ನಾಲ್ಕೂ ಸೇರಿ ಸುಮಾರು 0.18. ಮೋಡ ಸರಿಯಾಗಿರುವ 1/1000ರ ಫ್ರೇಮಿನ ತೂಕ 0.73ರಷ್ಟು. ಅಂದರೆ ಮೋಡದಲ್ಲಿ ಐದನೇ ಒಂದು ಪಾಲು ಬರೀ ಬಿಳಿ. ಫ್ರೇಮ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಿರುಗಿ ಹೊಡೆಯುತ್ತದೆ. ಅಗಲವನ್ನು 0.15ಕ್ಕೆ ಇಳಿಸಿದರೆ ಸುಟ್ಟ ಬಿಂದುವಿನ ತೂಕ 0.004ಕ್ಕೆ ಬೀಳುತ್ತದೆ, ಬಿಳಿಯ ಪಾಲು ನೂರಕ್ಕೆ ಮೂರರಷ್ಟಾಗುತ್ತದೆ. ಎಕ್ಸ್‌ಪೋಶರ್ ತೂಕ ಮಾತ್ರ ಹಿಡಿದ ಲೆಕ್ಕ ಇದು, ಬಣ್ಣದ ತೂಕ ಸೇರಿದರೆ ಅಂಕಿ ಸ್ವಲ್ಪ ಆಚೀಚೆ.

```
align_image_stack -m -a ais_ 1.tif 2.tif 3.tif 4.tif 5.tif
enfuse --exposure-width=0.15 --saturation-weight=0.2 -o jagali.tif ais_*.tif
```

ಹಳೆಯ ಆವೃತ್ತಿಯಾದರೆ `--exposure-width` ಜಾಗದಲ್ಲಿ `--exposure-sigma`. ಕಡತಗಳು 16 ಬಿಟ್ ಟಿಫ್ ಆಗಿರಲಿ. 0.1ಕ್ಕೂ ಇಳಿಸಿ ನೋಡಿದ್ದಾಯಿತು: ಕಪ್ಪು ನೆಲದ ಮೇಲೆ ತೇಪೆ ಹಾಕಿದ ಹಾಗೆ ಕಂಡಿತು. ಎರಡು ಫ್ರೇಮಿನ ನಡುವೆ ಬೀಳುವ ಬೆಳಕಿಗೆ ಯಾರೂ ಸರಿಯಾಗಿ ಹೊಣೆಯಾಗದಿದ್ದಾಗ ಹೀಗಾಗುತ್ತದೆ. ಬ್ಲೆಂಡಿಂಗಿನ ಫಲಿತಾಂಶ ಯಾವಾಗಲೂ ಸ್ವಲ್ಪ ಮಂಕು, ಕೊನೆಗೆ ಕರ್ವ್ಸ್‌ನಲ್ಲಿ ಕಪ್ಪು ತುದಿಯನ್ನು ಒಳಗೆಳೆಯಲೇಬೇಕು.

ಇಬ್ಬರೂ ಸೋತದ್ದು ಸೋಗೆಯ ಮುಂದೆ. ಗಾಳಿಗೆ ಅಡಿಕೆ ಮರದ ತಲೆ ಐದು ಫ್ರೇಮಿನಲ್ಲಿ ಐದು ಕಡೆ. ಆಕಾಶ 1/1000ರಿಂದ, ಕಪ್ಪು ಸೋಗೆ 1/60ರಿಂದ ಬಂದು ಕೂತಾಗ ಸೋಗೆಯ ತುದಿಗೆ ಪಾರದರ್ಶಕ ನೆರಳು ಅಂಟುತ್ತದೆ. `align_image_stack` ಕ್ಯಾಮೆರಾ ಅಲುಗಿದ್ದನ್ನು ಸರಿಪಡಿಸುತ್ತದೆ, ಮರ ಅಲುಗಿದ್ದನ್ನಲ್ಲ.

ಗಾಳಿ ಇರುವ ದಿನ ಒಂದೇ ರಾ ಫ್ರೇಮನ್ನು ಮೂರು ಸಲ ತೊಳೆಯುವುದೇ ವಾಸಿ. ಇದಕ್ಕೆಂದು 1/500ರಲ್ಲಿ ಒಂದು ಹೆಚ್ಚಿನ ಫ್ರೇಮ್ ತೆಗೆದು, ಡಾರ್ಕ್‌ಟೇಬಲಿನಲ್ಲಿ 0, +2, +4 ಇವಿ ಎಂದು ಮೂರು ಟಿಫ್ ಮಾಡಿ, ಮೇಲಿನ ಎನ್‌ಫ್ಯೂಸ್ ಆಜ್ಞೆಗೇ ಕೊಟ್ಟದ್ದು. ಮೂರರಲ್ಲೂ ಸೋಗೆ ಒಂದೇ ಜಾಗದಲ್ಲಿ, ಆ ಪಾರದರ್ಶಕ ನೆರಳು ಮಾಯ. ಬೆಲೆ ತೆರಬೇಕಾದ್ದು ಮೂಲೆಯಲ್ಲಿ: +4 ಎಂದರೆ 1/30ರ ಫ್ರೇಮಿಗಿಂತ ಹದಿನಾರನೇ ಒಂದು ಪಾಲು ಬೆಳಕು, ಬೆಳಕಿಗೂ ನಾಯ್ಸಿಗೂ ಇರುವ ಅನುಪಾತ ಕಾಲು ಪಾಲಿಗೆ ಇಳಿಯುತ್ತದೆ. ಪಕ್ಕಾಸಿನ ಮೇಲೆ ಹಸಿರು, ನೇರಳೆ ಚುಕ್ಕೆ ಕಂಡೇ ಕಾಣುತ್ತದೆ. ಅದಕ್ಕೆ ಐದು ಫ್ರೇಮಿನ ಬ್ಲೆಂಡನ್ನು ತಳದಲ್ಲಿಟ್ಟು, ಸೋಗೆ ಮತ್ತು ಆಕಾಶದ ಭಾಗಕ್ಕೆ ಮಾತ್ರ ಒಂಟಿ ರಾ ಚಿತ್ರವನ್ನು ಗಿಂಪಿನಲ್ಲಿ ಮಾಸ್ಕ್ ಮಾಡಿ ಕೂರಿಸುವುದು. ಗಡಿಯನ್ನು ಮಾಡಿನ ಅಂಚಿನಲ್ಲೇ ಎಳೆದರೆ ಜೋಡಣೆ ಗೊತ್ತಾಗುವುದಿಲ್ಲ.

ಟೋನ್ ಮ್ಯಾಪಿಂಗನ್ನು ಹಾಗೆಂದು ಮೂಲೆಗೆ ಹಾಕುವಂತಿಲ್ಲ. ಬೇಕಲ ಕೋಟೆಯ ಗೋಡೆಯನ್ನೇ ಚೌಕಟ್ಟು ತುಂಬಾ ತೆಗೆದು, ಆಕಾಶಕ್ಕೆ ಮೇಲೊಂದು ಪಟ್ಟಿ ಮಾತ್ರ ಬಿಟ್ಟರೆ ಮಾಂಟಿಯುಕ್ ಮುಂದೆ: ಅಲುಗುವುದು ಏನೂ ಇಲ್ಲ, ಮುರಕಲ್ಲಿನ ತೂತುಗಳಿಗೆ ಆ ಸ್ಥಳೀಯ ಕಾಂಟ್ರಾಸ್ಟೇ ಬೇಕು. ಜಗಲಿಯ ಚಿತ್ರದಲ್ಲೂ ಅದಕ್ಕೆ ಒಂದು ಪಾಲು ಕೊಡಬಹುದು. ಜೋಡಿಸಿದ ಅದೇ `ais_` ಕಡತಗಳಿಂದ ಮಾಡಿದ ಮಾಂಟಿಯುಕ್ ಚಿತ್ರವನ್ನು ಬ್ಲೆಂಡಿನ ಮೇಲೆ Luminance ಮೋಡಿನಲ್ಲಿಟ್ಟು, ಅಪಾರದರ್ಶಕತೆ 30ಕ್ಕೆ ಇಳಿಸಿ, ಮಾಡಿನ ಅಂಚಿನಾಚೆಯ ಆಕಾಶವನ್ನು ಮಾಸ್ಕಿನಿಂದ ಪೂರ್ತಿ ಮರೆಮಾಡಿ. ಕಂಬದ ಗೆರೆ ಬರುತ್ತದೆ, ಪ್ರಭೆ ಬರುವುದಿಲ್ಲ.